ಓವರ್‌ಹ್ಯಾಂಗ್ ಬೀಮ್‌ಗೆ ಕಾಂಜುಗೇಟ್ ಬೀಮ್ ವಿಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಪ್ಲಿ ಸಪೋರ್ಟೆಡ್ ಬೀಮ್‌ಗೆ ಈ ವಿಧಾನ ಹಚ್ಚಿ ಉತ್ತರ ತೆಗೆಯುವವರು ಕೂಡ ಓವರ್‌ಹ್ಯಾಂಗ್ ಬಂದ ಕೂಡಲೇ ತಡವರಿಸುತ್ತಾರೆ. ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ನಡುವಿನ ಸಪೋರ್ಟ್. ಅದಕ್ಕೇ ಎಲ್ಲ ಉತ್ತರಕ್ಕೂ ಒಂದೇ ಬೀಮ್ ಇಟ್ಟುಕೊಂಡಿದ್ದೇನೆ. ಎಡತುದಿ A ಒಂದು ಸಪೋರ್ಟ್, ಅಲ್ಲಿಂದ 6 ಮೀಟರ್ ಬಲಕ್ಕೆ B ಇನ್ನೊಂದು ಸಪೋರ್ಟ್, B ದಾಟಿ 2 ಮೀಟರ್ ಹೊರಚಾಚಿದ ತುದಿ C. A, B ಎರಡೂ ಬೀಮನ್ನು ಮೇಲಕ್ಕೂ ಕೆಳಕ್ಕೂ ಬಿಡದೆ ಹಿಡಿದಿವೆ, ತಿರುಗಲು ಮಾತ್ರ ಬಿಡುತ್ತವೆ. C ಫ್ರೀ. ಕಾಂಜುಗೇಟ್ ಬೀಮ್‌ನಲ್ಲಿ ಅದೇ ಜಾಗಗಳಿಗೆ A', B', C' ಎಂದು ಕರೆಯೋಣ.

## ಮೊದಲು ಬುಡ

ಕಾಂಜುಗೇಟ್ ಬೀಮ್ ಅಂತಾರಲ್ಲ, ಅದು ನಿಜವಾಗಿ ಎಲ್ಲಿದೆ?

ಎಲ್ಲೂ ಇಲ್ಲ. ಕಾಗದದ ಮೇಲೆ ನಾವು ಬರೆದುಕೊಳ್ಳುವ ಬೀಮ್ ಅದು. ಉದ್ದ ಮಾತ್ರ ನಿಜವಾದ ಬೀಮ್‌ನಷ್ಟೇ.

ಇದರ ಹಿಂದೆ ಇರುವುದು ಒಂದೇ ಹೋಲಿಕೆ. ಯಾವ ಬೀಮ್‌ನಲ್ಲೇ ಆಗಲಿ, ಲೋಡನ್ನು ಒಂದು ಸಲ ಇಂಟಿಗ್ರೇಟ್ ಮಾಡಿದರೆ ಶಿಯರ್ ಬರುತ್ತದೆ, ಇನ್ನೊಂದು ಸಲ ಮಾಡಿದರೆ ಬೆಂಡಿಂಗ್ ಮೊಮೆಂಟ್ ಬರುತ್ತದೆ. ಅದೇ ರೀತಿ `M/EI` ಅನ್ನು ಒಂದು ಸಲ ಇಂಟಿಗ್ರೇಟ್ ಮಾಡಿದರೆ ಸ್ಲೋಪ್, ಇನ್ನೊಂದು ಸಲ ಮಾಡಿದರೆ ಡಿಫ್ಲೆಕ್ಷನ್. ಎರಡು ಕಡೆಯೂ ಗಣಿತ ಒಂದೇ. ಹಾಗಾಗಿ `M/EI` ಚಿತ್ರವನ್ನೇ ಲೋಡ್ ಎಂದು ಒಂದು ಬೀಮ್ ಮೇಲೆ ಹೇರಿದರೆ, ಆ ಬೀಮ್‌ನ ಶಿಯರ್ ಎಷ್ಟೋ ನಿಜವಾದ ಬೀಮ್‌ನ ಸ್ಲೋಪ್ ಅಷ್ಟು, ಅದರ ಮೊಮೆಂಟ್ ಎಷ್ಟೋ ಡಿಫ್ಲೆಕ್ಷನ್ ಅಷ್ಟು. ಇಂಟಿಗ್ರೇಷನ್ ಬದಲು ನಮಗೆ ಚೆನ್ನಾಗಿ ಗೊತ್ತಿರುವ ರಿಯಾಕ್ಷನ್, ಶಿಯರ್, ಮೊಮೆಂಟ್ ಲೆಕ್ಕ ಮಾಡುತ್ತೇವೆ, ಅಷ್ಟೇ.

ಯಾರು ಕಂಡುಹಿಡಿದರು ಅಂತಲೂ ಕೇಳುತ್ತಾರೆ. ಮೊಮೆಂಟ್ ಚಿತ್ರವನ್ನು ಲೋಡ್ ಎಂದು ನೋಡುವ ಯೋಚನೆ ಜರ್ಮನಿಯ ಒಟ್ಟೋ ಮೋರ್ ಅವರದು, 1868ರ ಸುಮಾರಿನದು. ಕಾಂಜುಗೇಟ್ ಬೀಮ್ ಎಂಬ ಹೆಸರಿನಲ್ಲಿ ಅದನ್ನು ಸಪೋರ್ಟ್ ನಿಯಮಗಳ ಸಮೇತ 1921ರಲ್ಲಿ ಬರೆದವರು ವೆಸ್ಟರ್‌ಗಾರ್ಡ್. 1865ರಲ್ಲಿ ಮುಲ್ಲರ್-ಬ್ರೆಸ್ಲಾವ್ ಕಂಡುಹಿಡಿದರು ಎಂಬ ಮಾತೂ ಓಡಾಡುತ್ತದೆ. ಅವರು ಹುಟ್ಟಿದ್ದೇ 1851ರಲ್ಲಿ, ಅಂದರೆ ಆಗ ಅವರಿಗೆ 14 ವರ್ಷ!

B ಹತ್ರ ಸಪೋರ್ಟ್ ಇದೆ ತಾನೆ? ಕಾಂಜುಗೇಟ್ ಬೀಮ್‌ನಲ್ಲಿ ಅದು ಹೋಗಿ ಹಿಂಜ್ ಯಾಕೆ ಆಗುತ್ತೆ?

ಇದು ಗೊತ್ತಾದರೆ ಉಳಿದದ್ದು ಬರೀ ಲೆಕ್ಕ. ನಿಯಮದ ಪಟ್ಟಿ ಬಾಯಿಪಾಠ ಮಾಡಬೇಡಿ. ಪ್ರತಿ ಜಾಗದಲ್ಲೂ ಎರಡೇ ಪ್ರಶ್ನೆ ಕೇಳಿ: ಇಲ್ಲಿ ನಿಜವಾದ ಬೀಮ್ ಮೇಲೆ ಕೆಳಗೆ ಹೋಗುತ್ತದೆಯೇ? ಇಲ್ಲಿ ಅದು ತಿರುಗುತ್ತದೆಯೇ?

B ಮೇಲೆ ಕೆಳಗೆ ಹೋಗುವುದಿಲ್ಲ. ಹಾಗಾಗಿ B' ನಲ್ಲಿ ಮೊಮೆಂಟ್ ಸೊನ್ನೆ ಆಗಬೇಕು. B ತಿರುಗುತ್ತದೆ, ಹಾಗಾಗಿ B' ನಲ್ಲಿ ಶಿಯರ್ ಇರಬಹುದು. ಇನ್ನೊಂದು ವಿಷಯ ಇಲ್ಲಿ ತುಂಬಾ ಮುಖ್ಯ. B ಹತ್ತಿರ ಬೀಮ್ ಮುರಿದಿಲ್ಲ, ಒಂದೇ ಕಂಬಿ ಹಾಗೇ ಮುಂದಕ್ಕೆ ಹೋಗಿದೆ, ಅದಕ್ಕೇ B ಯ ಎಡಕ್ಕೆ ಎಷ್ಟು ಸ್ಲೋಪ್ ಇದೆಯೋ ಬಲಕ್ಕೂ ಅಷ್ಟೇ ಇರಬೇಕು. ಅಂದರೆ B' ನಲ್ಲಿ ಶಿಯರ್ ಜಿಗಿಯಬಾರದು. ಸಪೋರ್ಟ್ ಇಟ್ಟರೆ ರಿಯಾಕ್ಷನ್ ಬಂದು ಶಿಯರ್ ಜಿಗಿದೇ ಜಿಗಿಯುತ್ತದೆ. ಮೊಮೆಂಟ್ ಸೊನ್ನೆ, ಶಿಯರ್ ಜಿಗಿತವಿಲ್ಲದೆ ದಾಟುತ್ತದೆ: ಈ ಎರಡೂ ಕೆಲಸ ಮಾಡುವುದು ನಡುವಿನ ಹಿಂಜ್ ಒಂದೇ.

ಅದೇ ಎರಡು ಪ್ರಶ್ನೆ A ಗೆ ಕೇಳಿ. ಇಳಿಯುವುದಿಲ್ಲ, ತಿರುಗುತ್ತದೆ. ಮೊಮೆಂಟ್ ಇಲ್ಲ, ಶಿಯರ್ ಇದೆ. ತುದಿಯಲ್ಲಿ ಹಾಗಿರುವುದು ಮಾಮೂಲಿ ಸಿಂಪಲ್ ಸಪೋರ್ಟ್. ಹಾಗಾಗಿ A' ಬದಲಾಗುವುದಿಲ್ಲ.

ಫ್ರೀ ಇರೋ ತುದಿಗೆ ಫಿಕ್ಸೆಡ್ ಹಾಕೋದು ಉಲ್ಟಾ ಅನ್ಸಲ್ವಾ?

ಅನ್ನಿಸುತ್ತದೆ. ಆದರೆ C ಇಳಿಯುತ್ತದೆ, ತಿರುಗುತ್ತದೆ, ಎರಡಕ್ಕೂ ತಡೆಯಿಲ್ಲ. ಹಾಗಾದರೆ C' ನಲ್ಲಿ ಮೊಮೆಂಟೂ ಇರಬೇಕು, ಶಿಯರ್ ಕೂಡ ಇರಬೇಕು. ಒಂದು ತುದಿಯಲ್ಲಿ ಎರಡೂ ಇರಬೇಕೆಂದರೆ ಅದು ಫಿಕ್ಸೆಡ್ ಆಗಿರಲೇಬೇಕು. ಕೊನೆಗೆ ಬರುವ ಚಿತ್ರ ಹೀಗೆ: C' ನಿಂದ B' ತನಕ ಒಂದು ಕ್ಯಾಂಟಿಲಿವರ್ ಚಾಚಿದೆ, ಅದರ ತುದಿಗೆ A'B' ತುಂಡು ಹಿಂಜ್‌ನಲ್ಲಿ ಒರಗಿ ಕೂತಿದೆ. ಚಿತ್ರವನ್ನು ಹೀಗೆ ಎರಡು ತುಂಡಾಗಿ ನೋಡಿದರೆ ಲೆಕ್ಕದ ಕ್ರಮ ತಾನಾಗೇ ಸಿಗುತ್ತದೆ: ಮೊದಲು ಒರಗಿದ ತುಂಡು, ಆಮೇಲೆ ಹೊತ್ತ ತುಂಡು.

M/EI ಲೋಡನ್ನು ಮೇಲಕ್ಕೆ ಹಾಕ್ಬೇಕಾ ಕೆಳಕ್ಕೆ ಹಾಕ್ಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಎರಡೂ ಸರಿ, ಬೆರೆಸಿದರೆ ಮಾತ್ರ ತಪ್ಪು. ನಾನು ಇಲ್ಲಿ ಹಿಡಿದಿರುವುದು ಇದು: ಸ್ಯಾಗಿಂಗ್ ಮೊಮೆಂಟ್ ಆದರೆ ಲೋಡ್ ಕೆಳಕ್ಕೆ, ಹಾಗಿಂಗ್ ಆದರೆ ಲೋಡ್ ಮೇಲಕ್ಕೆ. ಹೀಗೆ ಹಾಕಿದಾಗ ಕಾಂಜುಗೇಟ್ ಬೀಮ್‌ನ ಪಾಸಿಟಿವ್ ಮೊಮೆಂಟ್ ಅಂದರೆ ಕೆಳಕ್ಕೆ ಡಿಫ್ಲೆಕ್ಷನ್. ಪಾಸಿಟಿವ್ ಶಿಯರ್, ಅಂದರೆ ಎಡಗಡೆಯ ಬಲಗಳ ಮೊತ್ತ ಮೇಲಕ್ಕಿದ್ದರೆ, ಅದು ಗಡಿಯಾರದ ಮುಳ್ಳಿನ ದಿಕ್ಕಿನ ಸ್ಲೋಪ್.

ಸ್ಯಾಗಿಂಗನ್ನು ಮೇಲಕ್ಕೆ ಹಾಕುವವರಿಗೆ ಪಾಸಿಟಿವ್ ಮೊಮೆಂಟ್ ಅಂದರೆ ಮೇಲಕ್ಕೆ ಡಿಫ್ಲೆಕ್ಷನ್. ಒಂದನ್ನು ಆರಿಸಿ, ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಿ.

## ಲೆಕ್ಕಕ್ಕೆ ಇಳಿಯೋಣ

ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಿ, ಹೆಜ್ಜೆ ಬಿಡದೆ

C ತುದಿಯಲ್ಲಿ 30 ಕಿಲೋನ್ಯೂಟನ್ ಕೆಳಕ್ಕೆ. ಬೇರೆ ಲೋಡ್ ಇಲ್ಲ. `EI = 16000 kN·m²`, ಉದ್ದಕ್ಕೂ ಒಂದೇ (`E = 200 GPa`, `I = 8000 cm⁴` ಆದರೆ ಇಷ್ಟು ಬರುತ್ತದೆ).

ಮೊದಲು ನಿಜವಾದ ಬೀಮ್. B ಹತ್ತಿರ ಹಾಗಿಂಗ್ ಮೊಮೆಂಟ್ `30 × 2 = 60 kN·m`. A ಹತ್ತಿರ ಸೊನ್ನೆ, C ಹತ್ತಿರ ಸೊನ್ನೆ, ನಡುವೆ ನೇರ ಗೆರೆಗಳು. ಅಂದರೆ B ಮೇಲೆ ಶಿಖರ ಇರುವ ಎರಡು ತ್ರಿಕೋನ, ಒಂದರ ಬುಡ 6 ಮೀಟರ್, ಇನ್ನೊಂದರದು 2 ಮೀಟರ್. ಎಲ್ಲವೂ ಹಾಗಿಂಗ್, ಹಾಗಾಗಿ ಕಾಂಜುಗೇಟ್ ಬೀಮ್ ಮೇಲೆ ಎರಡೂ ತ್ರಿಕೋನ ಮೇಲಕ್ಕೆ ಒತ್ತುತ್ತವೆ. `EI` ಅನ್ನು ಕೊನೆಯ ತನಕ ಹಾಗೇ ಛೇದದಲ್ಲಿ ಬಿಟ್ಟಿರಿ, ಸುಮ್ನೆ ಪ್ರತಿ ಸಾಲಿನಲ್ಲೂ ಭಾಗಿಸುತ್ತ ಕೂರಬೇಡಿ.

ಈಗ A'B' ತುಂಡು. ಅದರ ಮೇಲಿನ ಒಟ್ಟು ಲೋಡ್ `½ × 6 × 60 = 180/EI`, ಮೇಲಕ್ಕೆ. ತ್ರಿಕೋನದ ಭಾರಕೇಂದ್ರ ಶಿಖರದ ಕಡೆಗೆ ಇರುತ್ತದೆ, B' ನಿಂದ 2 ಮೀಟರ್ ಎಡಕ್ಕೆ. B' ಹಿಂಜ್, ಅಲ್ಲಿ ಮೊಮೆಂಟ್ ಸೊನ್ನೆ. ಅದರ ಸುತ್ತ ಮೊಮೆಂಟ್ ತೆಗೆದರೆ:

`R × 6 + 180 × 2 = 0`, ಅಂದರೆ `R = −60/EI`

ಮೈನಸ್ ಬಂತು, ಅಂದರೆ A' ನ ರಿಯಾಕ್ಷನ್ ಕೆಳಕ್ಕೆ. ಇದೇ A ಯ ಸ್ಲೋಪ್: `60/EI`, ಗಡಿಯಾರಕ್ಕೆ ಎದುರು ದಿಕ್ಕು. B' ನ ಶಿಯರ್ `−60 + 180 = +120/EI`. ಇದು B ಯ ಸ್ಲೋಪ್, ಗಡಿಯಾರದ ದಿಕ್ಕು.

ಈಗ B'C' ತುಂಡು. ಹಿಂಜ್ ದಾಟಿ `120/EI` ಶಿಯರ್ ಹಾಗೇ ಒಳಗೆ ಬರುತ್ತದೆ, ಈ ತುಂಡಿನ ಎಡತುದಿಯನ್ನು ಮೇಲಕ್ಕೆ ಒತ್ತುವ ಬಲವಾಗಿ. ಜೊತೆಗೆ ಚಿಕ್ಕ ತ್ರಿಕೋನದ ಲೋಡ್ `½ × 2 × 60 = 60/EI`, ಅದೂ ಮೇಲಕ್ಕೆ. C' ನ ಶಿಯರ್ `120 + 60 = 180/EI`. C' ನ ಮೊಮೆಂಟ್:

`120 × 2 + 60 × 4/3 = 240 + 80 = 320/EI`

ಕೊನೆಗೆ 16000 ರಿಂದ ಭಾಗಿಸಿ. A ಯ ಸ್ಲೋಪ್ 0.00375 ರೇಡಿಯನ್, B ಯದು 0.0075, C ಯದು 0.01125. C ಯ ಡಿಫ್ಲೆಕ್ಷನ್ 0.02 ಮೀಟರ್, ಅಂದರೆ 20 ಮಿಲಿಮೀಟರ್ ಕೆಳಕ್ಕೆ.

ಆ `4/3` ಎಲ್ಲಿಂದ ಬಂತು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಶಿಖರ B' ಹತ್ತಿರ ಇದೆ, ಹಾಗಾಗಿ ಭಾರಕೇಂದ್ರ B' ನಿಂದ 2/3 ಮೀಟರ್, C' ನಿಂದ 4/3 ಮೀಟರ್. ನಾವು ಮೊಮೆಂಟ್ ತೆಗೆಯುತ್ತಿರುವುದು C' ಸುತ್ತ. ಅಲ್ಲಿ 2/3 ಹಾಕಿದರೆ ಉತ್ತರ 17.5 ಮಿಲಿಮೀಟರ್ ಬರುತ್ತದೆ. ಅದು ನೋಡಲು ಸರಿಯಾದ ಉತ್ತರದಂತೆಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಹೊರಚಾಚಿದ ಭಾಗ ಕ್ಯಾಂಟಿಲಿವರ್ ತಾನೆ, ಸೂತ್ರ ಹಾಕಿ ಮುಗಿಸಿದ್ರೆ ಆಗಲ್ವಾ?

ಆಗಲ್ಲ. ಮೊಮೆಂಟ್ ತೆಗೆಯುವಾಗ ಅದು ಕ್ಯಾಂಟಿಲಿವರ್ ಹೌದು, ಡಿಫ್ಲೆಕ್ಷನ್ ತೆಗೆಯುವಾಗ ಅಲ್ಲ.

ಮೇಲಿನ ಲೆಕ್ಕದ ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ: `240 + 80`. ಆ 80 ಏನು? ಕ್ಯಾಂಟಿಲಿವರ್ ಸೂತ್ರ `PL³/3EI` ಗೆ ನಮ್ಮ ಅಂಕಿ ಹಾಕಿದರೆ `30 × 8 / 3 = 80/EI`. ಅದೇ! ಅಂದರೆ BC ತಾನು ಬಾಗಿದ್ದರಿಂದ ಬಂದ ಇಳಿತ ಬರೀ 5 ಮಿಲಿಮೀಟರ್. ಉಳಿದ 240, ಅಂದರೆ 15 ಮಿಲಿಮೀಟರ್, B ತಿರುಗಿದ್ದರಿಂದ ಬಂದದ್ದು. B ಯ ಸ್ಲೋಪ್ 0.0075, ಅದನ್ನು 2 ಮೀಟರ್‌ಗೆ ಗುಣಿಸಿದರೆ 0.015 ಮೀಟರ್.

ಗೋಡೆಗೆ ಹೂತ ಕ್ಯಾಂಟಿಲಿವರ್‌ನ ಬುಡ ತಿರುಗುವುದಿಲ್ಲ. ಇಲ್ಲಿ B ಬುಡವನ್ನು ಹಿಡಿದಿರುವುದು 6 ಮೀಟರ್ ಉದ್ದದ AB, ಅದು ತಾನೇ ಬಾಗಿ ಸಡಿಲ ಬಿಡುತ್ತದೆ. ಹಾಗಾಗಿ ಸೂತ್ರ ಹಾಕಿ ಮುಗಿಸಿದರೆ 20ರ ಜಾಗದಲ್ಲಿ 5 ಬರೆದಿರುತ್ತೀರಿ, ನಾಲ್ಕರಲ್ಲಿ ಒಂದು ಪಾಲು. ಹಿಂಜ್ ದಾಟಿ ಬಂದ ಶಿಯರ್ ಮಾಡುವ ಕೆಲಸ ಇದೇ. ನನಗೆ ಈ ವಿಧಾನ ಇಷ್ಟವಾಗುವುದೂ ಇದಕ್ಕೇ, ಎರಡು ಪಾಲೂ ಒಂದೇ ಸಾಲಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

A, B ನಡುವೆ ಡಿಫ್ಲೆಕ್ಷನ್ ಎಲ್ಲಿ ಜಾಸ್ತಿ? ನಡುಮಧ್ಯ ಅಂತ ತಗೋಬಹುದಾ?

ತಗೋಬಾರದು. ಡಿಫ್ಲೆಕ್ಷನ್ ಎಲ್ಲಿ ಜಾಸ್ತಿಯೋ ಅಲ್ಲಿ ಸ್ಲೋಪ್ ಸೊನ್ನೆ, ಅಂದರೆ ಕಾಂಜುಗೇಟ್ ಬೀಮ್‌ನ ಶಿಯರ್ ಸೊನ್ನೆ ಆಗುವ ಜಾಗ ಹುಡುಕಿ. A' ನಿಂದ x ದೂರದಲ್ಲಿ ಲೋಡ್‌ನ ಎತ್ತರ `10x`, ಅಲ್ಲಿಯ ತನಕದ ತ್ರಿಕೋನ `5x²`:

`−60 + 5x² = 0`, ಅಂದರೆ `x = √12 = 3.46 m`

ಆ ಜಾಗದ ಮೊಮೆಂಟ್ `−60 × 3.464 + (5/3) × 3.464³ = −138.6/EI`. ಮೈನಸ್ ಅಂದರೆ ಮೇಲಕ್ಕೆ, 8.66 ಮಿಲಿಮೀಟರ್. ತುದಿ ಕೆಳಗೆ ಹೋದಾಗ AB ಬಿಲ್ಲಿನ ಹಾಗೆ ಮೇಲಕ್ಕೆ ಉಬ್ಬುತ್ತದೆ. ಈ ಲೋಡ್‌ಗೆ A ನ ನಿಜವಾದ ರಿಯಾಕ್ಷನ್ ಕೂಡ ಕೆಳಕ್ಕೆ 10 ಕಿಲೋನ್ಯೂಟನ್, ಅಂದರೆ A ಯನ್ನು ಕೆಳಕ್ಕೆ ಹಿಡಿದು ಕಟ್ಟಿರದಿದ್ದರೆ ಬೀಮ್ ಎದ್ದೇ ಬಿಡುತ್ತದೆ.

AB ಮಧ್ಯದಲ್ಲೂ ಒಂದು ಲೋಡ್ ಇದ್ರೆ? ಮೊಮೆಂಟ್ ಚಿತ್ರ ಗೋಜಲಾಗುತ್ತೆ

ಒಂದೇ ಚಿತ್ರ ಬರೆಯಲು ಹೋದರೆ ಗೋಜಲೇ. ಪ್ರತಿ ಲೋಡ್‌ಗೂ ಬೇರೆ ಮೊಮೆಂಟ್ ಚಿತ್ರ ಬರೆದು, ಬೇರೆ ಬೇರೆ ಲೆಕ್ಕ ಮಾಡಿ, ಕೊನೆಗೆ ಕೂಡಿಸಿ.

AB ಮಧ್ಯದಲ್ಲಿ 40 ಕಿಲೋನ್ಯೂಟನ್ ಮಾತ್ರ ಇದೆ ಎನ್ನಿ. ಮೊಮೆಂಟ್ ಸ್ಯಾಗಿಂಗ್, ಮಧ್ಯದಲ್ಲಿ `40 × 6 / 4 = 60 kN·m`. BC ಮೇಲೆ ಏನೂ ಇಲ್ಲ. A'B' ಮೇಲೆ ಕೆಳಕ್ಕೆ `½ × 6 × 60 = 180/EI`, ಎರಡೂ ಕಡೆ ಸಮ, ಹಾಗಾಗಿ A' ನಲ್ಲಿ `+90/EI`. B' ನ ಶಿಯರ್ `90 − 180 = −90/EI`. C' ನ ಮೊಮೆಂಟ್ `−90 × 2 = −180/EI`. ಅಂದರೆ C ತುದಿ 11.25 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ.

BC ಮೇಲೆ `M/EI` ಇಲ್ಲ ಎಂದು C ಯ ಡಿಫ್ಲೆಕ್ಷನ್ ಸೊನ್ನೆ ಬರೆಯುವವರು ತುಂಬಾ ಇದ್ದಾರೆ. BC ಬಾಗಿಲ್ಲ ಎಂಬುದು ನಿಜ, ಅದು ನೆಟ್ಟಗೇ ಇದೆ, ಆದರೆ B ತಿರುಗಿದಾಗ ಏತದ ಹಾಗೆ ಇಡೀ ತುಂಡು ಎದ್ದಿದೆ.

ಎರಡೂ ಲೋಡ್ ಒಟ್ಟಿಗೆ ಇದ್ದರೆ `320 − 180 = 140/EI`, 8.75 ಮಿಲಿಮೀಟರ್ ಕೆಳಕ್ಕೆ. ಒಂದು ಸ್ವಾರಸ್ಯ: ಮಧ್ಯದ ಲೋಡನ್ನು 53.3 ಕಿಲೋನ್ಯೂಟನ್‌ಗೆ ಏರಿಸಿದರೆ B' ನ ಶಿಯರ್ `120 − 120 = 0`. B ತಿರುಗುವುದೇ ಇಲ್ಲ. ಆಗ ಮಾತ್ರ BC ನಿಜವಾದ ಕ್ಯಾಂಟಿಲಿವರ್, C ಇಳಿಯುವುದು 5 ಮಿಲಿಮೀಟರ್.

ಯುಡಿಎಲ್ ಇದ್ದಾಗ ಏನು ಬದಲಾಗುತ್ತೆ?

ತ್ರಿಕೋನದ ಬದಲು ಪ್ಯಾರಾಬೋಲಾ ಬರುತ್ತದೆ, ವಿಸ್ತೀರ್ಣ ಮತ್ತು ಭಾರಕೇಂದ್ರ ಬೇರೆ. ಉಳಿದದ್ದೆಲ್ಲ ಅದೇ. ಇಡೀ ಬೀಮ್ ಮೇಲೆ ಮೀಟರಿಗೆ 15 ಕಿಲೋನ್ಯೂಟನ್ ಇಟ್ಟು ನೋಡೋಣ. ಇಲ್ಲೂ ಎರಡು ಭಾಗ ಮಾಡಿ.

ಮೊದಲು BC ಮೇಲಿನ ಲೋಡ್ ಮಾತ್ರ. B ಹತ್ತಿರ ಹಾಗಿಂಗ್ `15 × 2²/2 = 30 kN·m`. AB ಮೇಲೆ ಇದು ತ್ರಿಕೋನವೇ, ಅದರಿಂದ B' ನ ಶಿಯರ್ `30 × 6/3 = 60/EI`. BC ಮೇಲೆ ಒಳಕ್ಕೆ ಬಾಗಿದ ಪ್ಯಾರಾಬೋಲಾ: ವಿಸ್ತೀರ್ಣ `⅓ × 2 × 30 = 20/EI`, ಭಾರಕೇಂದ್ರ C' ನಿಂದ `¾ × 2 = 1.5 m`. C' ನ ಮೊಮೆಂಟ್ `60 × 2 + 20 × 1.5 = 150/EI`.

ಈಗ AB ಮೇಲಿನ ಲೋಡ್. ಸ್ಯಾಗಿಂಗ್ ಪ್ಯಾರಾಬೋಲಾ, ಮಧ್ಯದಲ್ಲಿ `15 × 36/8 = 67.5`. ವಿಸ್ತೀರ್ಣ `⅔ × 6 × 67.5 = 270/EI`, ಅರ್ಧ ಅರ್ಧ ಹಂಚಿದರೆ B' ನ ಶಿಯರ್ `−135/EI`, C' ನ ಮೊಮೆಂಟ್ `−270/EI`.

ಕೂಡಿಸಿದರೆ `150 − 270 = −120/EI`. ಇಡೀ ಬೀಮ್ ಮೇಲೆ, ತುದಿಯ ಮೇಲೂ, ಲೋಡ್ ಕೆಳಕ್ಕೇ ಇದ್ದರೂ C ತುದಿ 7.5 ಮಿಲಿಮೀಟರ್ ಮೇಲಕ್ಕೆ ಎದ್ದಿದೆ! ಮೊದಲ ಸಲ ಇದು ಬಂದಾಗ ನಾನು ಚಿಹ್ನೆ ತಪ್ಪಿರಬೇಕು ಎಂದು ಮೂರು ಸಲ ಅಳಿಸಿ ಬರೆದಿದ್ದೆ. ತಪ್ಪಿರಲಿಲ್ಲ. 6 ಮೀಟರ್ ಭಾಗದ ಮುಂದೆ 2 ಮೀಟರ್ ತುಂಡಿನ ಲೋಡ್ ಸಾಲದು, ಅಷ್ಟೇ.

## ಉತ್ತರ ಸರಿಯೋ ತಪ್ಪೋ

ಉತ್ತರ ಬಂದ ಮೇಲೆ ಸರಿ ಅಂತ ಹೇಗೆ ತಿಳ್ಕೊಳ್ಳೋದು?

ಮೊದಲು ಬಾಗಿದ ಬೀಮ್‌ನ ಚಿತ್ರ ಕೈಯಲ್ಲೇ ಗೀಚಿ. A, B ಎರಡನ್ನೂ ದಾಟಿ ಹೋಗುವ ಒಂದೇ ನಯವಾದ ಗೆರೆ ಇರಬೇಕು, B ಹತ್ತಿರ ಕೊಂಕು ಬರಬಾರದು. ನಿಮ್ಮ A, B, C ಸ್ಲೋಪ್‌ಗಳ ದಿಕ್ಕು ಆ ಗೆರೆಗೆ ಹೊಂದುತ್ತದೆಯೇ ನೋಡಿ. ಚಿಹ್ನೆಯ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿಬೀಳುತ್ತವೆ.

ಆಮೇಲೆ ಬಲದಿಂದ ಎಡಕ್ಕೆ ಒಂದು ಸಲ ಬನ್ನಿ. ಮೊದಲ ಲೆಕ್ಕದಲ್ಲಿ C' ನಲ್ಲಿ ಸಿಕ್ಕ ಶಿಯರ್ 180, ಮೊಮೆಂಟ್ 320. ಅವನ್ನಿಟ್ಟುಕೊಂಡು C' ನಿಂದ ಹೊರಟರೆ B' ನಲ್ಲಿ ಮೊಮೆಂಟ್ `320 − 180 × 2 + 60 × 2/3 = 0` ಬರಬೇಕು. ಬಂತು. ಬರದಿದ್ದರೆ ಭಾರಕೇಂದ್ರದ ದೂರ ತಪ್ಪಿದೆ ಅಂತಲೇ ನನ್ನ ಮೊದಲ ಅನುಮಾನ.

ಯೂನಿಟ್ ಕೂಡ ನೋಡಿ. ಮೊಮೆಂಟ್ ಕಿಲೋನ್ಯೂಟನ್ ಮೀಟರ್‌ನಲ್ಲಿ, ಉದ್ದ ಮೀಟರ್‌ನಲ್ಲಿ ಹಾಕಿ, `EI` ಅನ್ನು ಮಾತ್ರ ನ್ಯೂಟನ್ ಮಿಲಿಮೀಟರ್‌ನಲ್ಲಿ ಬಿಟ್ಟರೆ ಉತ್ತರ ನೂರು ಕೋಟಿ ಪಟ್ಟು ಚಿಕ್ಕದಾಗುತ್ತದೆ.

ನಾನು B' ನಲ್ಲಿ ಹಿಂಜ್ ಬದಲು ರೋಲರ್ ಇಟ್ಟೆ, ಆದ್ರೂ ಏನೋ ಉತ್ತರ ಬಂತಲ್ಲ?

C' ಅನ್ನೂ ಫ್ರೀ ಬಿಟ್ಟಿರುತ್ತೀರಿ. ಆಗ ಲೆಕ್ಕ ಸಲೀಸಾಗಿ ಸಾಗುತ್ತದೆ, ಆದರೆ ಫ್ರೀ ತುದಿಯಲ್ಲಿ ಶಿಯರೂ ಸೊನ್ನೆ, ಮೊಮೆಂಟೂ ಸೊನ್ನೆ. ಅಂದರೆ ಲೋಡ್ ಹೊತ್ತ ತುದಿ ಇಳಿಯುವುದೂ ಇಲ್ಲ, ತಿರುಗುವುದೂ ಇಲ್ಲ ಎಂದಾಯಿತು. C' ಫಿಕ್ಸೆಡ್ ಇಟ್ಟು B' ನಲ್ಲಿ ರೋಲರ್ ಇಟ್ಟರೆ ಇನ್ನೊಂದು ಕಥೆ, ಬರೀ ಸಮತೋಲನದ ಸಮೀಕರಣಗಳಿಂದ ಬಿಡಿಸಲು ಆಗುವುದೇ ಇಲ್ಲ. ನಿಜವಾದ ಬೀಮ್ ಡಿಟರ್ಮಿನೇಟ್ ಆಗಿದ್ದೂ ಕಾಂಜುಗೇಟ್ ಬೀಮ್ ಬಿಡಿಸಲು ಆಗುತ್ತಿಲ್ಲ ಎಂದರೆ ಸಪೋರ್ಟ್ ತಪ್ಪು ಬರೆದಿದ್ದೀರಿ.

## ಸ್ವಲ್ಪ ಮುಂದಕ್ಕೆ

AB ಭಾಗ ದಪ್ಪ, BC ಭಾಗ ತೆಳು. EI ಬೇರೆ ಬೇರೆ ಇದ್ರೆ?

ಈ ವಿಧಾನ ಇಲ್ಲಿ ತುಂಬಾ ಸಲೀಸು. ಮೊದಲ ಲೆಕ್ಕದಲ್ಲೇ AB ಯ `I` ಎರಡು ಪಟ್ಟು ಇದೆ ಎನ್ನಿ. AB ಮೇಲಿನ `M/EI` ಎತ್ತರ ಅರ್ಧ ಆಗುತ್ತದೆ, B' ಹತ್ತಿರ ಎಡಕ್ಕೆ 30, ಬಲಕ್ಕೆ 60. ಲೋಡ್ ಹಾಗೆ ಜಿಗಿದರೆ ತೊಂದರೆ ಏನಿಲ್ಲ, ಜಿಗಿಯಬಾರದಿದ್ದದ್ದು ಶಿಯರ್. B' ನ ಶಿಯರ್ 60, C' ನ ಮೊಮೆಂಟ್ `60 × 2 + 80 = 200/EI`, ಅಂದರೆ 12.5 ಮಿಲಿಮೀಟರ್. ಈಗ AB ಯನ್ನು ಹಾಗೇ ಬಿಟ್ಟು BC ಯ `I` ಎರಡು ಪಟ್ಟು ಮಾಡಿ ನೋಡಿ: `240 + 40 = 280/EI`, 17.5 ಮಿಲಿಮೀಟರ್. ತುದಿಯ ಇಳಿತ ತಗ್ಗಿಸಬೇಕೆಂದರೆ ಇಲ್ಲಿ ಗಟ್ಟಿ ಮಾಡಬೇಕಾದ್ದು ಒಳಗಿನ ಭಾಗವನ್ನು.

ಎರಡೂ ಕಡೆ ಹೊರಚಾಚಿದ್ರೆ?

ಎರಡು ಫ್ರೀ ತುದಿ ಎರಡು ಫಿಕ್ಸೆಡ್ ಆಗುತ್ತವೆ, ಎರಡು ಸಪೋರ್ಟ್ ಎರಡು ಹಿಂಜ್ ಆಗುತ್ತವೆ. ನಡುವಿನ ತುಂಡು ಎರಡು ಕ್ಯಾಂಟಿಲಿವರ್‌ಗಳ ತುದಿಗೆ ಒರಗಿರುತ್ತದೆ. ಮೊದಲು ನಡುವಿನ ತುಂಡು ಬಿಡಿಸಿ, ಎರಡು ಹಿಂಜ್‌ಗಳ ಶಿಯರ್ ತೆಗೆದು ಎರಡು ಕಡೆ ಹೊರಗೆ ಹೋಗಿ. ಹೊಸದೇನೂ ಇಲ್ಲ.

B ಸಪೋರ್ಟ್ ಕುಸಿದ್ರೆ ಈ ವಿಧಾನದಲ್ಲಿ ಹೇಗೆ ಸೇರಿಸೋದು?

B ಇಳಿಯಿತು ಎಂದರೆ B' ನಲ್ಲಿ ಮೊಮೆಂಟ್ ಇನ್ನು ಸೊನ್ನೆ ಅಲ್ಲ, ಇಳಿದಷ್ಟು. 3 ಮಿಲಿಮೀಟರ್ ಕುಸಿದಿದೆ, ಬೇರೆ ಲೋಡ್ ಇಲ್ಲ ಎನ್ನಿ. B' ನ ಮೊಮೆಂಟ್ 3 ಆಗಬೇಕಾದರೆ A' ನ ರಿಯಾಕ್ಷನ್ `3/6 = 0.5`, ಅದು ಹಾಗೇ ಶಿಯರ್ ಆಗಿ ಸಾಗುತ್ತದೆ. C' ನ ಮೊಮೆಂಟ್ `3 + 0.5 × 2 = 4` ಮಿಲಿಮೀಟರ್. ನೆಟ್ಟಗಿನ ಕೋಲು A ಸುತ್ತ ತಿರುಗಿದಷ್ಟೇ ಬಂತು, ಅಲ್ವಾ? ಬೀಮ್ ಒಳಗೆ ಮೊಮೆಂಟ್ ಏನೂ ಹುಟ್ಟಲಿಲ್ಲ. ಲೋಡ್ ಇದ್ದರೆ ಅದರ ಉತ್ತರಕ್ಕೆ ಇದನ್ನು ಕೂಡಿಸಿ. ಇದರಲ್ಲಿ `EI` ಬರುವುದಿಲ್ಲ ಎಂಬುದು ನೆನಪಿರಲಿ, ಅಭ್ಯಾಸಬಲದಲ್ಲಿ ಭಾಗಿಸಿಬಿಡಬೇಡಿ.

ಈ ಉತ್ತರವನ್ನು ಎಲ್ಲಿ ನಂಬಬಾರದು?

ಬಾಗುವುದರಿಂದ ಬರುವ ಇಳಿತ ಮಾತ್ರ ಇದರಲ್ಲಿ ಬರುತ್ತದೆ. ಶಿಯರ್‌ನಿಂದ ಬೀಮ್ ವಾಲುವುದು ಲೆಕ್ಕಕ್ಕೆ ಸಿಗುವುದಿಲ್ಲ, ಚಾಚು ಗಿಡ್ಡವಾಗಿದ್ದು ಬೀಮ್ ಎತ್ತರವಾಗಿದ್ದರೆ ಅದು ಕಡೆಗಣಿಸುವಷ್ಟು ಚಿಕ್ಕದಲ್ಲ. ಸ್ಲೋಪ್ ಸಣ್ಣದು ಎಂದೂ ಹಿಡಿದಿದ್ದೇವೆ. ಕಾಂಕ್ರೀಟ್ ಬೀಮ್‌ನಲ್ಲಿ B ಮೇಲ್ಭಾಗ ಬಿರುಕು ಬಿಟ್ಟರೆ ಅಲ್ಲಿ `I` ಕಡಿಮೆಯಾಗುತ್ತದೆ, ಆಗ `M/EI` ಚಿತ್ರವನ್ನೇ ಬದಲಿಸಿ ಬರೆಯಬೇಕು. ಬಿರುಕಿಲ್ಲದ `I` ಹಾಕಿದರೆ ಇಳಿತ ಕಡಿಮೆ ತೋರಿಸುತ್ತದೆ.

C ಹತ್ರನೂ ಒಂದು ಸಪೋರ್ಟ್ ಕೊಟ್ರೆ ಕಾಂಜುಗೇಟ್ ಬೀಮ್ ನಿಲ್ಲೋದೇ ಇಲ್ವಲ್ಲ?

ಸರಿಯಾಗಿ ಗಮನಿಸಿದ್ದೀರಿ. C' ಈಗ ಸಿಂಪಲ್ ಸಪೋರ್ಟ್, B' ಹಿಂಜ್, A' ಸಿಂಪಲ್ ಸಪೋರ್ಟ್. ನಡುವೆ ಹಿಂಜ್ ಇರುವ ಈ ಬೀಮ್ ಮಡಚಿ ಬೀಳುತ್ತದೆ. ಆದರೆ ಮೇಲಿನ `M/EI` ಲೋಡ್ ತಾನೇ ತೂಗಿಕೊಂಡರೆ ಬೀಳುವುದಿಲ್ಲ. ಎಷ್ಟಿದ್ದರೆ ತೂಗುತ್ತದೆ ಎಂದು ಕೇಳಿದರೆ ನಮಗೆ ಬೇಕಿದ್ದ ಆ ಒಂದು ಹೆಚ್ಚಿನ ಸಮೀಕರಣ ಸಿಗುತ್ತದೆ.

AB ಮಧ್ಯದಲ್ಲಿ 40 ಕಿಲೋನ್ಯೂಟನ್ ಮಾತ್ರ ಇದೆ ಎನ್ನಿ. B ಹತ್ತಿರದ ಹಾಗಿಂಗ್ ಗೊತ್ತಿಲ್ಲ, X ಎನ್ನೋಣ. ಎಡ ತುಂಡಿನಿಂದ B' ನ ಶಿಯರ್ `6X/3 − 90 = 2X − 90`. ಬಲ ತುಂಡಿನಲ್ಲಿ C' ನ ಮೊಮೆಂಟ್ ಸೊನ್ನೆ ಆಗಬೇಕು, ಅದರಿಂದ B' ನ ಶಿಯರ್ `−2X/3`. ಹಿಂಜ್ ಎರಡೂ ಕಡೆ ಶಿಯರ್ ಒಂದೇ:

`2X − 90 = −2X/3`, ಅಂದರೆ `X = 33.75 kN·m`

C ಯ ರಿಯಾಕ್ಷನ್ `33.75/2 = 16.9 kN`, ಕೆಳಕ್ಕೆ. ಇದನ್ನೇ ನಮ್ಮ ಹಳೆಯ ಅಂಕಿಗಳಿಂದಲೂ ನೋಡಬಹುದು: ಮಧ್ಯದ ಲೋಡ್ ತುದಿಯನ್ನು 180 ಎತ್ತಿತ್ತು, ತುದಿಯ 30 ಕಿಲೋನ್ಯೂಟನ್ 320 ಇಳಿಸಿತ್ತು, ಹಾಗಾದರೆ 180 ಇಳಿಸಲು `30 × 180/320`, ಅದೇ 16.9. ದಿಕ್ಕು ಕೆಳಕ್ಕೆ ಇದೆ ಎಂಬುದನ್ನು ಮರೆಯಬೇಡಿ. C ಹತ್ತಿರ ಬೀಮನ್ನು ಸುಮ್ನೆ ಒಂದು ಕಂಬದ ಮೇಲೆ ಇಟ್ಟರೆ ಆ ಸಪೋರ್ಟ್ ಇದ್ದೂ ಇಲ್ಲದ ಹಾಗೆ, ತುದಿ ಎದ್ದು 11.25 ಮಿಲಿಮೀಟರ್ ಸಂದು ಬಿಡುತ್ತದೆ. ಕೆಳಕ್ಕೆ ಬೋಲ್ಟ್ ಹಾಕಿ ಹಿಡಿದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ.